ಫೈಲ್ ನಿಧಾನವಾಗಿ ಹೋಗ್ತಿದೆಯಾ? ತಡೆಯುತ್ತಿರುವುದು ಆ ತುದಿಯೋ, ದಾರಿಯೋ: ಟಿಸಿಪಿ ಹ್ಯಾಂಡ್‌ಶೇಕ್‌ನಿಂದ ಶುರುಮಾಡಿ ಹುಡುಕುವ ಬಗೆ

ಒಮ್ಮೆ ನನ್ನ ಪಾಲಿಗೆ ಬಂದ ತೊಂದರೆ ಇದು. ಎರಡು ಸರ್ವರ್‌ಗಳ ನಡುವೆ 100 ಮೆಗಾಬಿಟ್ ಲೈನ್ ಇತ್ತು. ಒಂದು ಪ್ಯಾಕೆಟ್ ಹೋಗಿ ಉತ್ತರ ಬರಲು 80 ಮಿಲಿಸೆಕೆಂಡ್ ಹಿಡಿಯುತ್ತಿತ್ತು. ಲೈನ್ ಖಾಲಿ ಇದ್ದರೂ ಫೈಲ್ ಕಾಪಿ ಮಾಡಿದಾಗ ವೇಗ ಸೆಕೆಂಡಿಗೆ 6.5 ಮೆಗಾಬಿಟ್‌ಗೆ ನಿಂತುಬಿಡುತ್ತಿತ್ತು. ಹಗಲು, ರಾತ್ರಿ, ಯಾವಾಗ ನೋಡಿದರೂ ಅಷ್ಟೇ. ಒಂದು ಪ್ಯಾಕೆಟ್ ಕೂಡ ಕಳೆದುಹೋಗುತ್ತಿರಲಿಲ್ಲ. ಲೈನನ್ನು 200 ಮೆಗಾಬಿಟ್‌ಗೆ ಏರಿಸೋಣ ಎಂಬ ಮಾತು ಶುರುವಾಗಿತ್ತು. ಏರಿಸಿದ್ದರೆ ದುಡ್ಡು ದಂಡ ಆಗುತ್ತಿತ್ತು ಅಷ್ಟೇ.

ಟಿಸಿಪಿ ನಿಧಾನವಾದಾಗ ಹೆಚ್ಚಾಗಿ ಎರಡರಲ್ಲಿ ಒಂದು ಕಾರಣ ಇರುತ್ತದೆ. ಡೇಟಾ ಪಡೆಯುವ ಯಂತ್ರ 'ಇಷ್ಟೇ ಸಾಕು' ಅಂದಿರುತ್ತದೆ, ಅದು ಫ್ಲೋ ಕಂಟ್ರೋಲ್. ಇಲ್ಲವೇ ದಾರಿಯಲ್ಲಿ ದಟ್ಟಣೆ ಇದೆ ಎಂದು ಕಳಿಸುವ ಯಂತ್ರವೇ ಊಹಿಸಿ ಕೈ ಬಿಗಿ ಮಾಡಿರುತ್ತದೆ, ಅದು ಕಂಜೆಷನ್ ಕಂಟ್ರೋಲ್. ಮೊದಲನೆಯದು ಬಾಯಿಬಿಟ್ಟು ಹೇಳಿದ ಮಾತು. ಎರಡನೆಯದು ಬರೀ ಅಂದಾಜು. ಈ ವ್ಯತ್ಯಾಸ ತಲೆಯಲ್ಲಿ ಕೂತರೆ ಉಳಿದದ್ದನ್ನು ಪರದೆಯ ಮೇಲೇ ಓದಬಹುದು. ಎರಡೂ ಹುಟ್ಟುವುದು ಹ್ಯಾಂಡ್‌ಶೇಕ್‌ನಲ್ಲಿ, ಹಾಗಾಗಿ ನಾವೂ ಅಲ್ಲಿಂದಲೇ ಹೊರಡೋಣ.

ಮೊದಲು ಮೂರು ಪ್ಯಾಕೆಟ್ ಹಿಡಿಯಿರಿ

ಎರಡು ಲಿನಕ್ಸ್ ಯಂತ್ರ ಬೇಕು. ವರ್ಚುವಲ್ ಮೆಷಿನ್ ಆದರೂ ನಡೆಯುತ್ತದೆ. ಇಲ್ಲಿ ಕಳಿಸುವ ಯಂತ್ರ 10.0.0.5, ಪಡೆಯುವ ಯಂತ್ರ 10.0.0.9 ಅಂದುಕೊಳ್ಳೋಣ. ಪಡೆಯುವ ಕಡೆ ಒಂದು ಪೋರ್ಟ್ ತೆರೆದು ಕೂರಿಸಿ:

```
nc -l 9000 > /dev/null
```

ಕೆಲವು ಕಡೆ `nc -l -p 9000` ಎಂದು ಬರೆಯಬೇಕಾಗುತ್ತದೆ. ಕಳಿಸುವ ಕಡೆ ಎರಡು ಟರ್ಮಿನಲ್ ತೆರೆಯಿರಿ. ಒಂದರಲ್ಲಿ ಪ್ಯಾಕೆಟ್ ಹಿಡಿಯುವ ಕಮಾಂಡ್, ಇನ್ನೊಂದರಲ್ಲಿ ಡೇಟಾ ಸುರಿಯುವ ಕಮಾಂಡ್:

```
sudo tcpdump -ni any -c 6 tcp port 9000
nc 10.0.0.9 9000 < /dev/zero
```

ಮೊದಲ ಮೂರು ಸಾಲು ಹೆಚ್ಚುಕಮ್ಮಿ ಹೀಗಿರುತ್ತವೆ. ಓದಲು ಸುಲಭವಾಗಲಿ ಎಂದು ಕೆಲವು ಭಾಗ ಕತ್ತರಿಸಿದ್ದೇನೆ. ನಿಮ್ಮಲ್ಲಿ ಸಂಖ್ಯೆಗಳು ಬೇರೆ ಇರುತ್ತವೆ.

```
02.100  .5 > .9: Flags [S], seq 3120045871, win 64240, options [mss 1460,sackOK,wscale 7]
02.180  .9 > .5: Flags [S.], seq 774120356, ack 3120045872, win 65160, options [mss 1460,sackOK,wscale 7]
02.180  .5 > .9: Flags [.], ack 1, win 502
```

ಮೊದಲನೆಯದು ಸಿನ್. 'ನನ್ನ ಎಣಿಕೆ 3120045871ರಿಂದ ಶುರು' ಎಂದು ಕ್ಲೈಂಟ್ ಹೇಳುತ್ತಿದೆ. ಎರಡನೆಯದು ಸಿನ್-ಆ್ಯಕ್. ಸರ್ವರ್ ಆ ಸಂಖ್ಯೆಗೆ ಒಂದು ಕೂಡಿಸಿ 'ತಲುಪಿತು' ಎನ್ನುತ್ತದೆ, ಜೊತೆಗೆ ತನ್ನದೇ ಎಣಿಕೆಯ ಆರಂಭವನ್ನೂ ಹೇಳುತ್ತದೆ. ಮೂರನೆಯದು ಆ್ಯಕ್. ಸರ್ವರ್‌ನ ಎಣಿಕೆ ತಲುಪಿತು ಎಂದು ಕ್ಲೈಂಟ್ ಒಪ್ಪಿಕೊಳ್ಳುತ್ತದೆ. `ack 1` ಎಂದು ಕಾಣುವುದು ನೋಡಿ ಗಾಬರಿ ಬೇಡ. ಹ್ಯಾಂಡ್‌ಶೇಕ್ ಆದಮೇಲೆ `tcpdump` ಉದ್ದದ ಸಂಖ್ಯೆಗಳನ್ನು ಬಿಟ್ಟು, ಆರಂಭದಿಂದ ಎಷ್ಟು ಮುಂದೆ ಬಂದಿದ್ದೇವೆ ಎಂದಷ್ಟೇ ತೋರಿಸುತ್ತದೆ.

ಎರಡೇ ಪ್ಯಾಕೆಟ್ ಸಾಕಾಗಲ್ವಾ ಅಂತ ಬಹಳ ಜನ ಕೇಳುತ್ತಾರೆ. ಸಾಕಾಗಲ್ಲ. ಹಳೆಯ ಸಿನ್ ಒಂದು ನೆಟ್‌ವರ್ಕ್‌ನಲ್ಲಿ ಎಲ್ಲೋ ಸಿಕ್ಕಿಕೊಂಡು ತಡವಾಗಿ ಬಂತು ಅನ್ನಿ. ಎರಡೇ ಹೆಜ್ಜೆಯಾಗಿದ್ದರೆ ಸರ್ವರ್ ಅದನ್ನು ನಂಬಿ, ಯಾರಿಗೂ ಬೇಡದ ಸಂಪರ್ಕ ತೆರೆದು ಕೂತಿರುತ್ತಿತ್ತು. ಮೂರನೇ ಪ್ಯಾಕೆಟ್ ಇರುವುದರಿಂದ, ತನ್ನ ಮಾತು ಆ ಕಡೆಯವರಿಗೆ ಕೇಳಿಸಿದೆ ಎಂಬ ಖಾತರಿ ಸರ್ವರ್‌ಗೂ ಸಿಗುತ್ತದೆ.

ಇಲ್ಲಿಯವರೆಗೆ ಎಲ್ಲ ಪಾಠಗಳಲ್ಲೂ ಇರುವ ವಿಷಯ. ನಮಗೆ ಬೇಕಾದದ್ದು ಸಾಲುಗಳ ಕೊನೆಯಲ್ಲಿದೆ. `win` ಎಂದರೆ 'ನನ್ನ ಹತ್ತಿರ ಇಷ್ಟು ಬೈಟ್ ಜಾಗ ಇದೆ' ಎಂಬ ಮಾತು. ಟಿಸಿಪಿ ಹೆಡರ್‌ನಲ್ಲಿ ಇದಕ್ಕೆ ಇರುವುದು 16 ಬಿಟ್ ಮಾತ್ರ, ಹಾಗಾಗಿ 65535ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯುವುದಿಲ್ಲ. 1981ರಲ್ಲಿ ಅದು ಬೇಕಾದಷ್ಟಾಗಿತ್ತು. ಮುಂದೆ ಸಾಲದಾಯಿತು. ಅದಕ್ಕೇ `wscale` ಬಂತು. `wscale 7` ಎಂದರೆ 'ನಾನು ಹೇಳುವ ವಿಂಡೋವನ್ನು 2ರ 7ನೇ ಘಾತ, ಅಂದರೆ 128ರಿಂದ ಗುಣಿಸಿಕೋ' ಎಂದರ್ಥ. ಮೂರನೇ ಸಾಲಿನ `win 502` ನಿಜಕ್ಕೂ 502 × 128, ಅಂದರೆ 64256 ಬೈಟ್. ಸಿನ್ ಇರುವ ಎರಡು ಪ್ಯಾಕೆಟ್‌ಗಳಲ್ಲಿ ಮಾತ್ರ ಈ ಗುಣಾಕಾರ ಇಲ್ಲ, ಅಲ್ಲಿ ಕಂಡ ಸಂಖ್ಯೆಯೇ ನಿಜ.

ಇಲ್ಲಿ ಎರಡು ನಿಯಮ ನೆನಪಿಡಿ. `wscale` ಎರಡೂ ಕಡೆಯ ಸಿನ್‌ನಲ್ಲಿ ಇರಲೇಬೇಕು. ಒಂದು ಕಡೆ ಇಲ್ಲದಿದ್ದರೂ ಇಬ್ಬರಿಗೂ ಇಲ್ಲ. ಮತ್ತೆ, ಹ್ಯಾಂಡ್‌ಶೇಕ್ ಮುಗಿದ ಮೇಲೆ ಇದನ್ನು ಬದಲಿಸಲು ದಾರಿಯೇ ಇಲ್ಲ. ಆ ಸಂಪರ್ಕ ಸಾಯುವ ತನಕ ಅದೇ ಲೆಕ್ಕ.

ಎಡಗಡೆಯ ಸಮಯವನ್ನೂ ನೋಡಿ. 02.100ಕ್ಕೆ ಹೋದ ಸಿನ್‌ಗೆ 02.180ಕ್ಕೆ ಉತ್ತರ ಬಂದಿದೆ. ಹೋಗಿಬರುವ ಸಮಯ, ಅಂದರೆ ಆರ್‌ಟಿಟಿ, 80 ಮಿಲಿಸೆಕೆಂಡ್ ಎಂದು ಪಿಂಗ್ ಮಾಡದೆಯೇ ಗೊತ್ತಾಯಿತು.

ಹ್ಯಾಂಡ್‌ಶೇಕೇ ಆಗದಿದ್ದರೆ? ಸಿನ್ ಹೋದ ತಕ್ಷಣ `[R.]` ಬಂದರೆ ಯಂತ್ರ ಇದೆ, ಆದರೆ ಆ ಪೋರ್ಟ್‌ನಲ್ಲಿ ಯಾರೂ ಕೂತಿಲ್ಲ. ಅದೇ ಸಿನ್ ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮತ್ತೆ ಹೋಗುತ್ತಿದ್ದು ಉತ್ತರವೇ ಇಲ್ಲದಿದ್ದರೆ ಯಾರೋ ನಡುವೆ ಸದ್ದಿಲ್ಲದೆ ನುಂಗುತ್ತಿದ್ದಾರೆ, ಹೆಚ್ಚಾಗಿ ಫೈರ್‌ವಾಲ್. ಆದರೆ ಹ್ಯಾಂಡ್‌ಶೇಕ್ ಆಯಿತು ಎಂದ ಮಾತ್ರಕ್ಕೆ ಆ ಕಡೆಯ ಪ್ರೋಗ್ರಾಂ ಚೆನ್ನಾಗಿದೆ ಎಂದಲ್ಲ. ಕೈಕುಲುಕುವುದು ಕರ್ನಲ್. ಸರ್ವರ್ ಕಡೆಯ `nc`ಯನ್ನು ಮೊದಲೇ ಕಂಟ್ರೋಲ್-ಜಡ್ ಒತ್ತಿ ನಿಲ್ಲಿಸಿ, ಆಮೇಲೆ ಸಂಪರ್ಕಿಸಿ ನೋಡಿ. ಮೂರೂ ಪ್ಯಾಕೆಟ್ ಏನೂ ಆಗದವರಂತೆ ಓಡಾಡುತ್ತವೆ.

ಪಡೆಯುವವರನ್ನು ಬೇಕಂತಲೇ ನಿಲ್ಲಿಸಿ

ಈಗ ಫ್ಲೋ ಕಂಟ್ರೋಲ್ ಕಣ್ಣಾರೆ ನೋಡೋಣ. `-c 6` ತೆಗೆದು `tcpdump` ಮತ್ತೆ ಓಡಿಸಿ, ಡೇಟಾ ಸುರಿಯುತ್ತಿರಲಿ. ಈಗ ಪಡೆಯುವ ಕಡೆಯ `nc` ಮೇಲೆ ಕಂಟ್ರೋಲ್-ಜಡ್ ಒತ್ತಿ. ಪ್ರೋಗ್ರಾಂ ನಿಂತಿತು, ಆದರೆ ಅದರ ಕರ್ನಲ್ ಎದ್ದೇ ಇದೆ. ಬರುವ ಡೇಟಾವನ್ನು ಅದು ಬಫರ್‌ಗೆ ತುಂಬುತ್ತಾ ಹೋಗುತ್ತದೆ. ತೆಗೆದುಕೊಳ್ಳುವವರಿಲ್ಲ. ಜಾಗ ಕಡಿಮೆಯಾದಂತೆ ಆ ಕಡೆಯಿಂದ ಬರುವ ಆ್ಯಕ್‌ಗಳಲ್ಲಿ `win` ಕುಗ್ಗುತ್ತದೆ. ಕೊನೆಗೆ ಈ ಸಾಲು ಬರುತ್ತದೆ:

```
.9 > .5: Flags [.], ack 4718593, win 0
```

ಝೀರೋ ವಿಂಡೋ. 'ಬಂದದ್ದೆಲ್ಲ ತಲುಪಿದೆ, ಇನ್ನು ಒಂದು ಬೈಟೂ ಬೇಡ' ಎಂದು ಇದರರ್ಥ. ಕಳಿಸುವವರು ನಿಲ್ಲುತ್ತಾರೆ. ಆಮೇಲೆ ಜಾಗ ಆದಾಗ ಪಡೆಯುವವರು ಹೊಸ ವಿಂಡೋ ಹೇಳಿ ಕಳಿಸುತ್ತಾರೆ. ಆ ಪ್ಯಾಕೆಟ್ಟೇ ಕಳೆದುಹೋದರೆ? ಇವರು ಅವರಿಗಾಗಿ, ಅವರು ಇವರಿಗಾಗಿ ಕಾಯುತ್ತಾ ಇಬ್ಬರೂ ಕೂತಲ್ಲೇ ಕೂರಬೇಕಾಗುತ್ತದೆ. ಹಾಗಾಗದಿರಲಿ ಎಂದು ಕಳಿಸುವವರು ಆಗಾಗ ಒಂದು ಚಿಕ್ಕ ಪ್ಯಾಕೆಟ್ ಬಿಟ್ಟು 'ಈಗ ಜಾಗ ಆಯ್ತಾ?' ಎಂದು ಕೇಳುತ್ತಿರುತ್ತಾರೆ. ಕಳಿಸುವ ಕಡೆ ಹೀಗೆ ನೋಡಿ:

```
ss -tnoi dst 10.0.0.9
```

ಅಲ್ಲಿ `timer:(persist,...)` ಕಂಡರೆ ಅದೇ ಕಾಯುವಿಕೆ. ಇದೇ ಸಾಲುಗಳಲ್ಲಿ `rwnd_limited` ಎಂಬುದೂ ಇರುತ್ತದೆ. ಪಡೆಯುವವರ ವಿಂಡೋ ಸಾಲದೆ ಎಷ್ಟು ಹೊತ್ತು ಕೈಕಟ್ಟಿ ಕೂತಿದ್ದೆವು ಎಂಬ ಲೆಕ್ಕ, ಮಿಲಿಸೆಕೆಂಡ್‌ನಲ್ಲೂ ಶೇಕಡಾದಲ್ಲೂ. ಪಡೆಯುವ ಕಡೆ `ss -tn` ಹಾಕಿದರೆ `Recv-Q` ದೊಡ್ಡ ಸಂಖ್ಯೆಯಲ್ಲಿ ನಿಂತಿರುತ್ತದೆ. ಪ್ರೋಗ್ರಾಂ ಎತ್ತಿಕೊಳ್ಳದೆ ಬಿದ್ದಿರುವ ಬೈಟ್‌ಗಳು ಅವು. ಆ ಕಡೆ `fg` ಎಂದು ಹೊಡೆಯಿರಿ. ವಿಂಡೋ ತೆರೆದುಕೊಂಡು ಡೇಟಾ ಮತ್ತೆ ನುಗ್ಗುತ್ತದೆ.

ಈ ಇಡೀ ಪ್ರಸಂಗದಲ್ಲಿ ಊಹೆಗೆ ಜಾಗವೇ ಇರಲಿಲ್ಲ. ಪ್ರತಿ ಪ್ಯಾಕೆಟ್‌ನಲ್ಲೂ ಪಡೆಯುವವರು ತಮ್ಮ ಜಾಗವನ್ನು ಬರೆದೇ ಕಳಿಸಿದರು.

ದಾರಿಯ ಪರವಾಗಿ ಮಾತಾಡುವವರು ಯಾರು?

1981ರ ಟಿಸಿಪಿಯಲ್ಲಿ ಇಷ್ಟೇ ಇತ್ತು. ಪಡೆಯುವವರ ಹತ್ತಿರ ಜಾಗ ಇದೆಯಾ, ಸುರಿ. ನಡುವಿನ ರೌಟರ್‌ಗೆ ಜಾಗ ಇದೆಯಾ ಎಂದು ಕೇಳುವವರಿಲ್ಲ. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಲ್ಯಾಬ್ ಮತ್ತು ಬರ್ಕ್‌ಲಿ ವಿಶ್ವವಿದ್ಯಾಲಯದ ನಡುವೆ ಇದರ ಫಲ ಕಂಡಿತು. ಸುಮಾರು 400 ಗಜ ದೂರದ ಆ ಕೊಂಡಿಯಲ್ಲಿ ವೇಗ ಸೆಕೆಂಡಿಗೆ 32 ಕಿಲೋಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಕಿಲೋಬಿಟ್ ಅಲ್ಲ, 40 ಬಿಟ್. ಪ್ಯಾಕೆಟ್ ಉದುರಿದಷ್ಟೂ ಯಂತ್ರಗಳು ಮತ್ತೆ ಮತ್ತೆ ಅದನ್ನೇ ಕಳಿಸಿ ದಟ್ಟಣೆಯನ್ನು ಇನ್ನಷ್ಟು ಹೆಚ್ಚಿಸಿದ್ದವು. ಅದನ್ನು ಬೆನ್ನು ಹತ್ತಿದ ವ್ಯಾನ್ ಜೇಕಬ್‌ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರವೇ ಇಂದಿನ ಕಂಜೆಷನ್ ಕಂಟ್ರೋಲ್‌ನ ಬೇರು.

ಪರಿಹಾರ ಇಷ್ಟು: ಕಳಿಸುವ ಯಂತ್ರ ತನ್ನಲ್ಲೇ ಇನ್ನೊಂದು ಮಿತಿ ಇಟ್ಟುಕೊಳ್ಳುತ್ತದೆ. ಅದರ ಹೆಸರು `cwnd`. ಇದು ಯಾವ ಪ್ಯಾಕೆಟ್‌ನಲ್ಲೂ ಹೋಗುವುದಿಲ್ಲ. `tcpdump`ನಲ್ಲಿ ಎಷ್ಟು ಹುಡುಕಿದರೂ ಸಿಗದು, ಕಳಿಸುವ ಯಂತ್ರದ `ss`ನಲ್ಲಿ ಮಾತ್ರ ಕಾಣುತ್ತದೆ. ಉತ್ತರ ಬಾರದೆ ದಾರಿಯಲ್ಲಿ ಇರಬಹುದಾದ ಡೇಟಾ, ಪಡೆಯುವವರ ವಿಂಡೋ ಮತ್ತು `cwnd` ಎರಡರಲ್ಲಿ ಯಾವುದು ಚಿಕ್ಕದೋ ಅಷ್ಟು ಮಾತ್ರ. ಎರಡರ ಸಂಬಂಧ ಈ ಒಂದು ಸಾಲಿನಲ್ಲಿ ಮುಗಿಯಿತು.

ಈಗಿನ ಲಿನಕ್ಸ್‌ನಲ್ಲಿ `cwnd` ಶುರುವಾಗುವುದು 10 ಪ್ಯಾಕೆಟ್‌ನಿಂದ. ಆ್ಯಕ್‌ಗಳು ಸರಿಯಾಗಿ ಬರುತ್ತಿದ್ದರೆ ಪ್ರತಿ ಸುತ್ತಿಗೂ ಸುಮಾರು ದುಪ್ಪಟ್ಟಾಗುತ್ತದೆ: 10, 20, 40, 80. ಇದಕ್ಕೆ ಸ್ಲೋ ಸ್ಟಾರ್ಟ್ ಎಂದು ಹೆಸರು. ದುಪ್ಪಟ್ಟಾಗುವುದಕ್ಕೆ ನಿಧಾನ ಅಂತ ಯಾಕೆ ಕರೆದರೋ! ಒಂದೇ ಸಲ ಪೂರ್ತಿ ಸುರಿಯುತ್ತಿದ್ದ ಹಳೆಯ ಕಾಲಕ್ಕೆ ಹೋಲಿಸಿದರೆ ನಿಧಾನ, ಅಷ್ಟೇ.

ನಮ್ಮ 80 ಮಿಲಿಸೆಕೆಂಡ್ ದಾರಿಯಲ್ಲಿ ಸುಮಾರು 100 ಕಿಲೋಬೈಟ್‌ನ ಒಂದು ಫೈಲ್ ಕಳಿಸಿ ನೋಡೋಣ. ಒಂದು ಪ್ಯಾಕೆಟ್‌ಗೆ 1460 ಬೈಟ್ ಹಿಡಿದರೆ 70 ಪ್ಯಾಕೆಟ್ ಬೇಕು. ಮೊದಲ 80 ಮಿಲಿಸೆಕೆಂಡ್ ಹ್ಯಾಂಡ್‌ಶೇಕ್‌ಗೆ ಹೋಯಿತು. 80ಕ್ಕೆ 10 ಪ್ಯಾಕೆಟ್ ಹೊರಟವು. ಅವುಗಳ ಆ್ಯಕ್ 160ಕ್ಕೆ ಬಂದಾಗ 20 ಹೊರಟವು. 240ಕ್ಕೆ ಉಳಿದ 40. ಕೊನೆಯ ಬೈಟ್ ಆ ತುದಿ ಮುಟ್ಟುವಾಗ 280 ದಾಟಿರುತ್ತದೆ. 100 ಮೆಗಾಬಿಟ್ ಲೈನ್‌ನಲ್ಲಿ ಇಷ್ಟು ಡೇಟಾ ಹೊರಗೆ ಹಾಕಲು 10 ಮಿಲಿಸೆಕೆಂಡೂ ಬೇಡ. ಉಳಿದದ್ದೆಲ್ಲ ಕಾದ ಸಮಯ. ಚಿಕ್ಕ ಫೈಲ್‌ಗಳು ದೂರದ ಸರ್ವರ್‌ನಿಂದ ಎಳೆದಾಡುತ್ತಾ ಬರುವುದು ಇದಕ್ಕೇ. ಲೈನ್ ದಪ್ಪ ಮಾಡಿದರೆ ಅದು ಹೋಗುವುದಿಲ್ಲ.

ಇನ್ನು ಇಳಿಯುವ ಕಥೆ. ಒಂದು ಪ್ಯಾಕೆಟ್ ಕಳೆದು ಅದರ ನಂತರ ಹೊರಟವು ತಲುಪಿದರೆ, ಪಡೆಯುವವರು ಒಂದೇ ಆ್ಯಕ್ ಸಂಖ್ಯೆಯನ್ನು ಮತ್ತೆ ಮತ್ತೆ ಹೇಳುತ್ತಾರೆ. ಅದು ಮೂರು ಸಲ ಮರುಕಳಿಸಿದರೆ, ಪ್ಯಾಕೆಟ್ ಕಳೆಯಿತು, ದಾರಿಯಲ್ಲಿ ದಟ್ಟಣೆ ಇದೆ ಎಂದು ಕಳಿಸುವವರು ತೀರ್ಮಾನಿಸುತ್ತಾರೆ. ಹಳೆಯ ರೀನೊ ಪದ್ಧತಿಯಲ್ಲಿ `cwnd` ಅರ್ಧಕ್ಕೆ ಇಳಿಯುತ್ತದೆ. ಲಿನಕ್ಸ್‌ನಲ್ಲಿ ರೂಢಿಯಲ್ಲಿರುವ ಕ್ಯೂಬಿಕ್‌ನಲ್ಲಿ 0.7 ಪಾಲಿಗೆ. ಆ್ಯಕ್‌ಗಳೇ ಬಾರದೆ ಟೈಮ್‌ಔಟ್ ಆದರೆ ಏಟು ಜೋರು: ಒಂದು ಪ್ಯಾಕೆಟ್‌ನಿಂದ ಮತ್ತೆ ಶುರು.

ಊಹೆ ಅಂದಮೇಲೆ ತಪ್ಪುವುದೂ ಇದೆ. ಕೆಟ್ಟ ಕೇಬಲ್‌ನಿಂದಲೋ ರೇಡಿಯೋ ಸಿಗ್ನಲ್ ಹದಗೆಟ್ಟೋ ಪ್ಯಾಕೆಟ್ ಉದುರಿದರೂ ಕ್ಯೂಬಿಕ್ ಅದನ್ನು ದಟ್ಟಣೆ ಎಂದೇ ತಿಳಿಯುತ್ತದೆ. ಎಷ್ಟು ನಷ್ಟ ಗೊತ್ತಾ? ರೀನೊ ಪದ್ಧತಿಗೆ ಒಂದು ಸರಳ ಅಂದಾಜು ಸೂತ್ರ ಇದೆ:

```
cwnd ≈ 1.22 / √p
```

`p` ಎಂದರೆ ಕಳೆದುಹೋಗುವ ಪಾಲು. ನೂರಕ್ಕೆ ಒಂದು ಪ್ಯಾಕೆಟ್ ಕಳೆದರೆ `cwnd` ಸರಾಸರಿ 12ರ ಆಸುಪಾಸು. 12 ಪ್ಯಾಕೆಟ್, ತಲಾ 1460 ಬೈಟ್, 80 ಮಿಲಿಸೆಕೆಂಡಿಗೆ ಒಂದು ಸುತ್ತು. ಸೆಕೆಂಡಿಗೆ ಸುಮಾರು 1.8 ಮೆಗಾಬಿಟ್ ಆಯಿತು. ಲೈನ್ 100 ಇದ್ದರೇನು, 1000 ಇದ್ದರೇನು.

ಇದನ್ನು ಪರೀಕ್ಷಿಸಲು ಮೂರನೇ ಯಂತ್ರವೊಂದನ್ನು ನಡುವೆ ರೌಟರ್ ಆಗಿ ಇಡಿ. ಪಡೆಯುವವರ ಕಡೆಗಿರುವ ಅದರ ಇಂಟರ್‌ಫೇಸ್ ಮೇಲೆ ಹೀಗೆ ಹಾಕಿ:

```
sudo tc qdisc add dev eth1 root netem delay 80ms loss 1%
```

ಇದನ್ನೇ ಕಳಿಸುವ ಯಂತ್ರದಲ್ಲಿ ಹಾಕುವವರು ಜಾಸ್ತಿ. ಹಾಗೆ ಮಾಡಬೇಡಿ. ಅಲ್ಲಿ ಪ್ಯಾಕೆಟ್ ಬಿದ್ದದ್ದು ಅದೇ ಯಂತ್ರದ ಟಿಸಿಪಿಗೆ ಒಳಗಿಂದಲೇ ಗೊತ್ತಾಗಿಬಿಡಬಹುದು, ಫಲಿತಾಂಶ ನಂಬುವಂತಿರುವುದಿಲ್ಲ. ಪರೀಕ್ಷೆ ಮುಗಿದ ಮೇಲೆ `add` ಬದಲು `del` ಹಾಕಿ ತೆಗೆಯಲು ಮರೆಯಬೇಡಿ.

ಈಗ ತೀರ್ಪು ಹೇಳುವುದು

ನಿಧಾನ ಕಂಡಾಗ ಕಳಿಸುವ ಯಂತ್ರಕ್ಕೆ ಹೋಗಿ ಸುಮ್ನೆ `ss -tni dst 10.0.0.9` ಹಾಕಿ ಆ ಸಂಪರ್ಕದ ಸಾಲು ಓದಿ. ಒಂದೇ ಸಲ ಅಲ್ಲ, ಐದಾರು ಸೆಕೆಂಡ್ ಬಿಟ್ಟು ಎರಡು ಮೂರು ಸಲ.

ಮತ್ತೆ ಕಳಿಸಿದ ಪ್ಯಾಕೆಟ್‌ಗಳ ಲೆಕ್ಕವಾದ `retrans` ಏರುತ್ತಾ ಇದ್ದು `cwnd` ಏರಿಳಿಯುತ್ತಾ ಚಿಕ್ಕದಾಗಿದ್ದರೆ ದಾರಿಯ ಕಡೆ ನೋಡಿ. ಈಗಿನ ಆರ್‌ಟಿಟಿಯಾದ `rtt` ಮತ್ತು ಈವರೆಗೆ ಕಂಡ ಅತಿ ಕಡಿಮೆ ಆರ್‌ಟಿಟಿಯಾದ `minrtt` ಹೋಲಿಸಿದರೆ ಇನ್ನೊಂದು ಸುಳಿವು ಸಿಗುತ್ತದೆ. `minrtt` 80 ಇದ್ದು `rtt` 300 ತೋರಿಸುತ್ತಿದ್ದರೆ ನಡುವಿನ ಯಾವುದೋ ರೌಟರ್‌ನಲ್ಲಿ ಪ್ಯಾಕೆಟ್‌ಗಳು ಸಾಲುಗಟ್ಟಿವೆ, ನಿಜವಾದ ದಟ್ಟಣೆ. ಎರಡೂ 80ರ ಹತ್ತಿರವೇ ಇದ್ದು ಪ್ಯಾಕೆಟ್ ಕಳೆಯುತ್ತಿದ್ದರೆ ಕೇಬಲ್, ರೇಡಿಯೋ ಇಂಥವುಗಳ ಮೇಲೆ ಅನುಮಾನ ಪಡಿ. ಆದರೂ ಪೂರ್ತಿ ಖಚಿತ ಅಲ್ಲ. ರೌಟರ್‌ನ ಬಫರ್ ತುಂಬಾ ಚಿಕ್ಕದಾಗಿದ್ದರೆ ದಟ್ಟಣೆಯೂ ಹೀಗೇ ಕಾಣುತ್ತದೆ.

`rwnd_limited` ಶೇಕಡಾ ದೊಡ್ಡದಿದ್ದರೆ ಆ ತುದಿಗೆ ಹೋಗಿ `Recv-Q` ನೋಡಿ. ತುಂಬಿದ್ದರೆ ಅಲ್ಲಿನ ಪ್ರೋಗ್ರಾಂ ನಿಧಾನ. ಡಿಸ್ಕ್ ಇರಬಹುದು, ಡೇಟಾಬೇಸ್ ಇರಬಹುದು, ನೆಟ್‌ವರ್ಕ್‌ನವರನ್ನು ಬೈಯುವುದು ಬೇಡ. ಖಾಲಿ ಇದ್ದರೆ ಪ್ರೋಗ್ರಾಂ ಚುರುಕಾಗಿದೆ, ವಿಂಡೋವೇ ಚಿಕ್ಕದು. ಬಫರ್‌ನ ಗರಿಷ್ಠ ಮಿತಿ `sysctl net.ipv4.tcp_rmem` ಕೊಡುವ ಮೂರನೇ ಸಂಖ್ಯೆ. ಅದೂ ಸರಿ ಇದ್ದರೆ ಹ್ಯಾಂಡ್‌ಶೇಕ್‌ಗೆ ವಾಪಸ್ ಹೋಗಿ `wscale` ನೋಡಿ.

ಇವೆರಡೂ ಅಲ್ಲದೆ ಕಳಿಸುವವರ `Send-Q` ಸದಾ ಸೊನ್ನೆ ಇದ್ದರೆ ಕಳಿಸುವ ಪ್ರೋಗ್ರಾಮೇ ಡೇಟಾ ಕೊಡುತ್ತಿಲ್ಲ. ಟಿಸಿಪಿ ಪಾಪ, ಕಾಯುತ್ತಿದೆ.

ನನ್ನ 6.5 ಮೆಗಾಬಿಟ್

ಆ ದಿನ `retrans` ಇರಲೇ ಇಲ್ಲ. `rtt` ಮತ್ತು `minrtt` ಎರಡೂ 80. `cwnd` 90ರ ಹತ್ತಿರ ನಿಂತಿತ್ತು. `rwnd_limited` 90 ಶೇಕಡಾ ದಾಟಿತ್ತು. ಆ ತುದಿಯಲ್ಲಿ `Recv-Q` ಸೊನ್ನೆ. ಅಂದರೆ ಪ್ರೋಗ್ರಾಂ ಚುರುಕು, ದಾರಿ ಖಾಲಿ, ಹೇಳಿದ ವಿಂಡೋ ಚಿಕ್ಕದು. ಕಾಗದದ ಮೇಲೆ ಭಾಗಿಸಿದೆ: 65535 ಬೈಟ್, 0.08 ಸೆಕೆಂಡ್. ಸೆಕೆಂಡಿಗೆ ಸುಮಾರು 819 ಕಿಲೋಬೈಟ್, ಅಂದರೆ 6.5 ಮೆಗಾಬಿಟ್. ಕಂಡ ವೇಗವೇ ಅಕ್ಷರಶಃ ಬಂತು. 100 ಮೆಗಾಬಿಟ್ ಲೈನ್ ತುಂಬಲು ಒಂದು ಸುತ್ತಿನಲ್ಲಿ 10 ಲಕ್ಷ ಬೈಟ್ ದಾರಿಯಲ್ಲಿರಬೇಕು. ಇಲ್ಲಿ ಅದರ ಹದಿನೈದನೇ ಒಂದು ಪಾಲು.

ಎರಡೂ ತುದಿಯಲ್ಲಿ ಒಂದೇ ಸಲ ಸಿನ್ ಹಿಡಿದೆ. ಹೊರಟ ಸಿನ್‌ನಲ್ಲಿ `wscale 7` ಇತ್ತು. ಆ ತುದಿಗೆ ಬಂದ ಅದೇ ಸಿನ್‌ನಲ್ಲಿ ಇರಲಿಲ್ಲ. ಸರ್ವರ್ ನಿಯಮದಂತೆ ತಾನೂ ಹೇಳದೆ ಸುಮ್ಮನಾಗಿತ್ತು. ನಡುವೆ ಇದ್ದ ಹಳೆಯ ಫೈರ್‌ವಾಲ್ ಒಂದರಲ್ಲಿ, ಗುರುತಿಲ್ಲದ ಟಿಸಿಪಿ ಆಪ್ಷನ್‌ಗಳನ್ನು ಅಳಿಸು ಎಂಬ ನಿಯಮ ಎಂದೋ ಯಾರೋ ಹಾಕಿದ್ದರು. `wscale`ಗೆ ವಿನಾಯಿತಿ ಕೊಟ್ಟೆವು.

ಪರೀಕ್ಷೆಗೆ ಹೊಸ ಫೈಲ್ ಕಳಿಸಿದರೆ ವೇಗ 90 ಮೆಗಾಬಿಟ್ ದಾಟಿತು. ಆದರೆ ಅರ್ಧ ಗಂಟೆಯ ನಂತರ ಫೋನ್ ಬಂತು, 'ಬ್ಯಾಕಪ್ ಇನ್ನೂ ಹಾಗೇ ಇದೆಯಲ್ಲಾ ಸಾರ್' ಎಂದು. ಬ್ಯಾಕಪ್ ಪ್ರೋಗ್ರಾಂ ಬೆಳಿಗ್ಗೆ ತೆರೆದ ಸಂಪರ್ಕವನ್ನೇ ಹಿಡಿದು ಕೂತಿತ್ತು. ಅದರ ಹ್ಯಾಂಡ್‌ಶೇಕ್ ಆಗಿದ್ದು ಫೈರ್‌ವಾಲ್ ಸರಿಮಾಡುವ ಮುಂಚೆ. ರೀಸ್ಟಾರ್ಟ್ ಮಾಡಿಸಿದೆ, ಮತ್ತೆ ಮೂರು ಪ್ಯಾಕೆಟ್ ಓಡಾಡಿದವು, ಈ ಸಲ ಎರಡೂ ಕಡೆ `wscale 7` ಇತ್ತು.